ಕಪ್ಪಿನದಲ್ಲ ತಪ್ಪು, ಬೆರಳಿನದು

ನಮ್ಮಜ್ಜಿ ಕಾಡಿಗೆ ಮಾಡುತ್ತಿದ್ದುದು ವರ್ಷಕ್ಕೆ ಒಂದೆರಡು ಸಲ ಮಾತ್ರ. ಮನೆಗೆ ಬಾಣಂತಿ ಬರುವವಳಿದ್ದರೆ ಇನ್ನೊಂದು ಸಲ. ಹಳೇ ಬಿಳಿ ಪಂಚೆಯಿಂದ ಅಂಗೈಯಗಲದ ತುಂಡು ಹರಿದು, ಹೊನಗೊನ್ನೆ ಸೊಪ್ಪು ಅರೆದು ಹಿಂಡಿದ ರಸದಲ್ಲಿ ಅದನ್ನು ನೆನೆಸಿ, ನೆರಳಲ್ಲಿ ಒಣಗಿಸುತ್ತಿದ್ದರು. ಹೀಗೆ ಮೂರು ದಿನ. ಆಮೇಲೆ ಆ ಬಟ್ಟೆಯನ್ನು ಹೊಸೆದು ಬತ್ತಿ ಮಾಡಿ, ಮಣ್ಣಿನ ಹಣತೆಗೆ ಹರಳೆಣ್ಣೆ ಹುಯ್ದು, ರಾತ್ರಿ ಊಟ ಮುಗಿದ ಮೇಲೆ ಹಚ್ಚುವರು. ಹಣತೆಯ ಎರಡು ಪಕ್ಕ ಎರಡು ಚೊಂಬು, ಅವುಗಳ ಮೇಲೆ ಬೋರಲು ಹಾಕಿದ ಕಂಚಿನ ತಟ್ಟೆ. ತಟ್ಟೆಯ ಒಳಮೈಗೆ ತೆಳ್ಳಗೆ ತೇದ ಗಂಧ. ಬೆಳಿಗ್ಗೆ ಎದ್ದು ನೋಡಿದರೆ ತಟ್ಟೆಯ ನಡುವೆ ರೂಪಾಯಿಯಗಲಕ್ಕೆ ಮಖಮಲ್ಲಿನಂಥ ಕಪ್ಪು ಕಟ್ಟಿರುತ್ತಿತ್ತು. ರಾತ್ರಿಯೆಲ್ಲ ಉರಿದ ಎಣ್ಣೆಗೆ ಸಿಗುತ್ತಿದ್ದುದು ಎರಡು ಚಿಟಿಕೆ ಮಸಿ, ಅಷ್ಟೇ. ಅದನ್ನು ಕೆರೆದು, ಎರಡು ಹನಿ ತುಪ್ಪ ಬಿಟ್ಟು, ಬೆರಳಿನಲ್ಲಿ ಬಹಳ ಹೊತ್ತು ಮಸೆದು ಬೆಳ್ಳಿಯ ಡಬ್ಬಿಗೆ ತುಂಬುವರು. ಬೇಸಿಗೆಯಲ್ಲಿ ತುಪ್ಪ ಕರಗಿ ಹರಿಯುತ್ತದೆಂದು ಆಗ ಹರಳೆಣ್ಣೆಯನ್ನೇ ಹಾಕುತ್ತಿದ್ದರು.

ಈಗ ಇದೇ ಕಾಡಿಗೆ ಮತ್ತೆ ಮನೆಮನೆಗೆ ಬಂದಿದೆ. ಅಂಗಡಿಯ ಕಾಜಲ್‌ನಲ್ಲಿ ಸೀಸ ಇರುತ್ತದಂತೆ, ಮನೆಯಲ್ಲಿ ಮಾಡಿದ್ದಾದರೆ ಶುದ್ಧ ಎಂಬ ಮಾತಿನ ಬೆನ್ನಲ್ಲಿ ಬಂದಿದೆ. ಈ ಮಾತಿನ ಮೊದಲರ್ಧ ಎಲ್ಲಿಂದ ಬಂತೋ ನೋಡಿದರೆ ಉಳಿದರ್ಧ ಎಷ್ಟು ನಿಜ ಎಂಬುದೂ ತಿಳಿಯುತ್ತದೆ.

ಕಣ್ಣಿಗೆ ಹಚ್ಚುವ ಕಪ್ಪಿನಲ್ಲಿ ಎರಡು ಕುಲಗಳಿವೆ. ಒಂದು ದೀಪದ ಮಸಿಯದು. ಇನ್ನೊಂದು ಕಲ್ಲಿನದು. ಸುರ್ಮಾ ಎಂದು ಮಾರುವ ಪುಡಿಯಲ್ಲಿ ಎಷ್ಟೋ ಸಲ ಇರುವುದು ಗೆಲೀನಾ ಎಂಬ ಅದಿರು, ಅಂದರೆ ಸೀಸದ ಸಲ್ಫೈಡು. ಅದನ್ನು ನುಣ್ಣಗೆ ಅರೆದರೆ ಬೂದುಗಪ್ಪಾಗಿ, ಸಣ್ಣಗೆ ಮಿಂಚುತ್ತ, ಕೈಗೆ ಭಾರವಾಗಿ ಸಿಗುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ 2011ರಲ್ಲಿ ಆರು ತಿಂಗಳ ಕೂಸೊಂದರ ರಕ್ತದಲ್ಲಿ ಡೆಸಿಲೀಟರಿಗೆ 13 ಮೈಕ್ರೋಗ್ರಾಂ ಸೀಸ ಸಿಕ್ಕಿತು. ಅಲ್ಲಿ ಈಗ 3.5 ದಾಟಿದರೇ ಡಾಕ್ಟರು ಮನೆಯವರನ್ನು ಕೂರಿಸಿ ವಿಚಾರಿಸುತ್ತಾರೆ. ಹುಡುಕಿದಾಗ ಸಿಕ್ಕಿದ್ದು ನೈಜೀರಿಯಾದಿಂದ ತಂದ 'ತಿರೋ' ಎಂಬ ಕಣ್ಣುಕಪ್ಪು. ಅದರ ತೂಕದಲ್ಲಿ ನೂರಕ್ಕೆ 82.6 ಪಾಲು ಸೀಸವೇ ಆಗಿತ್ತು. ಕಾಜಲ್, ಸುರ್ಮಾ, ಕೋಹ್ಲ್ ಎಂಬ ಹೆಸರಿನಲ್ಲಿ ಬರುವ ಸೀಸದ ಕಣ್ಣುಕಪ್ಪನ್ನು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಒಳಗೆ ಬಿಡಲು ಒಪ್ಪುವುದಿಲ್ಲ. ಅಲ್ಲಿ ನೆಲೆಸಿದ ನಮ್ಮವರು ಮೊಮ್ಮಗುವಿಗೆಂದು ಊರಿಂದ ಡಬ್ಬಿ ಕಟ್ಟಿಕೊಂಡು ಹೋದರೆ, ಮಗುವಿನ ಸೀಸದ ಪರೀಕ್ಷೆಯ ದಿನ ಆ ವಿಷಯವನ್ನು ಡಾಕ್ಟರಿಗೆ ಹೇಳಬೇಕು.

ಅಜ್ಜಿಯ ಕಾಡಿಗೆಗೆ ಈ ಆರೋಪ ಅಂಟುವುದಿಲ್ಲ. ಹರಳೆಣ್ಣೆಯಲ್ಲಿ ಸೀಸವಿಲ್ಲ, ಹಣತೆಯ ಉರಿ ಅದನ್ನು ಹುಟ್ಟಿಸುವುದೂ ಇಲ್ಲ. ಆ ಮಟ್ಟಿಗೆ ಮನೆಯ ಕಪ್ಪು ಗೆದ್ದಿತು. ಆದರೆ ಒಂದು ಕೇಸಿನಲ್ಲಿ ಖುಲಾಸೆಯಾದವನನ್ನು ಸಜ್ಜನನೆಂದೇ ತೀರ್ಮಾನಿಸಿ ಮನೆಯ ಬೀಗದ ಕೈ ಕೊಡುವುದಿಲ್ಲವಲ್ಲ.

ಮಸಿ ಅಂದರೇನು? ಎಣ್ಣೆ ಪೂರ್ತಿ ಉರಿದರೆ ಮಸಿ ಬರುವುದೇ ಇಲ್ಲ. ಉರಿಗೆ ಗಾಳಿ ಸಾಲದೇ ಹೋದಾಗ, ಅಥವಾ ಉರಿ ತಣ್ಣನೆಯ ತಟ್ಟೆಗೆ ತಾಗಿ ಅರ್ಧಕ್ಕೇ ನಂದಿದಾಗ ಉಳಿಯುವ ಇಂಗಾಲದ ಕಣಗಳೇ ಮಸಿ. ಹಾಗಾಗಿ ಕಾಡಿಗೆ ಮಾಡುವುದೆಂದರೆ ದೀಪವನ್ನು ಬೇಕೆಂದೇ ಕೆಟ್ಟದಾಗಿ ಉರಿಸುವ ಕೆಲಸ. ಎಷ್ಟು ಕೆಟ್ಟದಾಗಿ ಎಂಬುದು ಕೈಪಳಗಿದವರಿಗೆ ಗೊತ್ತು. ತಟ್ಟೆಯನ್ನು ತೀರಾ ಕೆಳಗಿಟ್ಟರೆ ಉರಿ ಅದಕ್ಕೆ ಮುತ್ತಿಕೊಂಡು ಎಣ್ಣೆ ಅರೆಬರೆ ಬೇಯುತ್ತದೆ. ಆಗ ಬರುವ ಮಸಿ ಕಪ್ಪಗಿರುವುದಿಲ್ಲ, ಕಂದಾಗಿ, ಜಿಡ್ಡಾಗಿ, ಘಾಟು ಹೊಡೆಯುತ್ತದೆ. ಉರಿಯ ತುದಿಗೂ ತಟ್ಟೆಗೂ ನಡುವೆ ಒಂದೆರಡು ಬೆರಳು ಜಾಗ ಬಿಟ್ಟರೆ ಒಣಗಿದ, ಹಗುರಾದ, ಊದಿದರೆ ಹಾರುವ ಮಸಿ ಸಿಗುತ್ತದೆ. ಅಜ್ಜಿ ಕಂದು ಮಸಿಯನ್ನು 'ಬೆಂದಿಲ್ಲ' ಎಂದು ಒರೆಸಿ ಎಸೆಯುತ್ತಿದ್ದರು. ರಸಾಯನಶಾಸ್ತ್ರ ಅವರ ಪರವಾಗಿಯೇ ಇದೆ. ಅರೆಬೆಂದ ಎಣ್ಣೆಯಲ್ಲಿ ಟಾರಿನ ಜಾತಿಯ ವಸ್ತುಗಳು ಹೆಚ್ಚು. ಅವುಗಳಲ್ಲಿ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳೂ ಸೇರಿರುತ್ತವೆ. ಅಮೆರಿಕದಲ್ಲಿ 2004ರಲ್ಲಿ ಒಂದು ಬಗೆಯ ಇಂಗಾಲದ ಕಪ್ಪನ್ನು ಐಲೈನರ್‌ಗೆ ಬಳಸಬಹುದೆಂದು ಒಪ್ಪಿದರು. ಆದರೆ ಅದರಲ್ಲಿ ಬೆಂಜೋಪೈರೀನ್ ಕಿಲೋಗೆ 0.005 ಮಿಲಿಗ್ರಾಂ ಮೀರಬಾರದೆಂದು ಕಟ್ಟುಹಾಕಿದರು. ಹಣತೆಯ ಮಸಿಯನ್ನು ಯಾರೂ ಹೀಗೆ ಅಳೆದು ಡಬ್ಬಿಗೆ ತುಂಬುವುದಿಲ್ಲ. ಹಬ್ಬಕ್ಕೊಮ್ಮೆ ಕಪ್ಪು ತೀಡಿಕೊಳ್ಳುವ ಹೆಂಗಸು ಇದಕ್ಕೆ ಹೆದರಬೇಕಿಲ್ಲ. ಹುಟ್ಟಿದ ಹನ್ನೊಂದನೇ ದಿನದಿಂದ ದಿನವೂ ಹಚ್ಚಿಸಿಕೊಳ್ಳುವ ಕೂಸಿನ ಲೆಕ್ಕ ಬೇರೆ.

ಹೊನಗೊನ್ನೆಯ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಕೆಲವರು ಗರುಗದ ರಸ ಹಾಕುತ್ತಾರೆ, ಕೆಲವರು ನಂದಿಬಟ್ಟಲು ಹೂವಿನದು. ಹೊನಗೊನ್ನೆಯನ್ನು ಪಲ್ಯ ಮಾಡಿ ಉಂಡರೆ ಕಣ್ಣಿಗೆ ಬೇಕಾದ ಎ ಜೀವಸತ್ವದ ಮೂಲ ಸಿಗುತ್ತದೆ, ಅದು ಸರಿ. ಬತ್ತಿಯಲ್ಲಿಟ್ಟು ಸಾವಿರ ಡಿಗ್ರಿಯ ಆಸುಪಾಸಿನ ಉರಿಗೆ ಒಡ್ಡಿದ ಮೇಲೆ ಅದರಲ್ಲಿ ಉಳಿಯುವುದು ಬೂದಿ. ತಟ್ಟೆಗೆ ಏರುವ ಮಸಿ ಹೆಚ್ಚುಪಾಲು ಎಣ್ಣೆಯದು, ಸೊಪ್ಪಿನದಲ್ಲ. ಕಣ್ಣು ತಂಪಾಗಲಿ ಎಂದು ಕರ್ಪೂರ ಸೇರಿಸುವವರಿಗೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಬೇಕು. ತಂಪೆನಿಸುವುದು ಕರ್ಪೂರ ನರವನ್ನು ಕೆಣಕುವುದರಿಂದ. ಮೈಗೆ ಹೋದರೆ ಅದು ಎಳೆಯ ಮಕ್ಕಳಿಗೆ ಫಿಟ್ಸ್ ತರಿಸಬಲ್ಲದು.

ಮಸಿಗಿಂತ ದೊಡ್ಡ ಸಮಸ್ಯೆ ಮಸಿಯ ಜೊತೆಗೆ ಬರುವುದು. ತಟ್ಟೆ ಕೆರೆಯುವಾಗ ಒಣಗಿದ ಗಂಧದ ಹೆಕ್ಕಳೆ, ಬತ್ತಿಯ ಸುಟ್ಟ ನೂಲು, ಹಳೇ ತಾಮ್ರ ಹಿತ್ತಾಳೆಯಾದರೆ ಅದರ ಕಿಲುಬು ಇವೆಲ್ಲ ಡಬ್ಬಿಗೆ ಇಳಿಯುತ್ತವೆ. ಇವು ಗರಸು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಅರ್ಧ ಮಿಲಿಮೀಟರಿನಷ್ಟು ದಪ್ಪ. ರೆಪ್ಪೆಯಡಿ ಸಿಕ್ಕಿದ ಒಂದು ಗರಸು ಪ್ರತಿ ಮಿಟುಕಿಗೂ ಅದರ ಮೇಲೆ ಗೀರೆಳೆಯುತ್ತದೆ. ಆ ಗೀರಿನ ದಾರಿಯಲ್ಲಿ ಸೋಂಕು ಒಳಗೆ ಹೋಗುತ್ತದೆ. ಮಾಡಿದ ಕಪ್ಪನ್ನು ಗಾಜಿನ ಮೇಲೆ ಸವರಿ ಉಗುರಿನ ಹಿಂಬದಿಯಿಂದ ಒತ್ತಿ ಉಜ್ಜಿ ನೋಡಿ. ಕರಕರ ಅಂದರೆ ಅದು ಕಣ್ಣಿಗೆ ಹಚ್ಚುವ ಮಾಲಲ್ಲ. ಕರಕರ ಅನ್ನದಿದ್ದರೆ ಗರಸಿಲ್ಲ ಎಂದಷ್ಟೇ ಅರ್ಥ.

ಇನ್ನು ತುಪ್ಪ. ಒಳ್ಳೆಯ ತುಪ್ಪದಲ್ಲಿ ನೀರಿನಂಶ ಬಹಳ ಕಡಿಮೆ, ಆದ್ದರಿಂದ ಅದರಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ಹರಳೆಣ್ಣೆಯೂ ಹಾಗೆಯೇ. ಅಷ್ಟೇಕೆ, ಒಣಗಣ್ಣಿಗೆ ಬಿಡುವ ಕೆಲವು ಔಷಧದ ಹನಿಗಳಲ್ಲೂ ಹರಳೆಣ್ಣೆ ಇದೆ. ಆದರೆ ಅದು ಕಾರ್ಖಾನೆಯಲ್ಲಿ ಸೂಕ್ಷ್ಮಾಣುಗಳನ್ನು ಕೊಂದು ಸೀಲು ಮಾಡಿದ ಎಣ್ಣೆ. ನಮ್ಮ ಡಬ್ಬಿಯ ಕಥೆ ನೋಡಿ: ಮುಖ ತೊಳೆದು ಬಂದ ಒದ್ದೆ ಬೆರಳು ಒಳಗೆ ಹೋಗುತ್ತದೆ, ಒಂದು ಕಣ್ಣಿಗೆ ಹಚ್ಚುತ್ತದೆ, ಮತ್ತೆ ಒಳಗೆ ಹೋಗುತ್ತದೆ, ಇನ್ನೊಂದು ಕಣ್ಣಿಗೆ. ಆಮೇಲೆ ತಂಗಿಯ ಬೆರಳು, ಆಮೇಲೆ ಕೂಸಿನ ಕಣ್ಣಿಗೆ ಹಚ್ಚಲು ಅಜ್ಜಿಯ ಬೆರಳು. ಮನೆಯಲ್ಲೊಬ್ಬರಿಗೆ 'ಮದ್ರಾಸ್ ಐ' ಬಂದರೆ ಟವೆಲು ಬೇರೆ ಮಾಡುತ್ತೇವೆ, ದಿಂಬು ಬೇರೆ ಮಾಡುತ್ತೇವೆ, ಕಾಡಿಗೆ ಡಬ್ಬಿ ಮಾತ್ರ ಎಲ್ಲರದೂ ಒಂದೇ. ಟ್ರಕೋಮಾ ಎಂಬ ಕುರುಡು ತರುವ ಸೋಂಕು ನಮ್ಮ ದೇಶದಲ್ಲಿ ಮನೆಮನೆ ಹಬ್ಬಿದ್ದು ಬೆರಳು, ಬಟ್ಟೆ, ನೊಣಗಳ ದಾರಿಯಲ್ಲಿ. ಭಾರತದಲ್ಲಿ ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿದ್ದು 2024ರ ಅಕ್ಟೋಬರಿನಲ್ಲಿ. ಅಂದರೆ ಮೊನ್ನೆ ಮೊನ್ನೆ.

ಕಪ್ಪನ್ನು ಎಲ್ಲಿ ಹಚ್ಚುತ್ತೇವೆ ಎಂಬುದು ಮುಂದಿನ ಮಾತು. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯನ್ನು ಸ್ವಲ್ಪ ಕೆಳಗೆಳೆದು ನೋಡಿ. ಕೂದಲು ಹುಟ್ಟುವ ಸಾಲಿನ ಒಳಗಡೆ ಒದ್ದೆಯಾದ, ತೆಳು ಗುಲಾಬಿ ಅಂಚೊಂದಿದೆ. ಕಾಡಿಗೆ ಎಳೆಯುವುದು ಅಲ್ಲೇ. ಅದೇ ಅಂಚಿನಲ್ಲಿ ಇಪ್ಪತ್ತು ಮೂವತ್ತು ಸೂಜಿಮೊನೆಯಂಥ ರಂಧ್ರಗಳು ಸಾಲಾಗಿವೆ. ಅವು ಮೈಬೋಮಿಯನ್ ಗ್ರಂಥಿಗಳ ಬಾಯಿಗಳು. ಅವುಗಳಿಂದ ಒಸರುವ ಎಣ್ಣೆ ಕಣ್ಣೀರಿನ ಮೇಲೆ ಕೆನೆಯ ಹಾಗೆ ಹರಡಿ, ನೀರು ಬೇಗ ಆರದಂತೆ ಕಾಯುತ್ತದೆ. ಮಸಿ ಬೆರೆತ ತುಪ್ಪ ಆ ಬಾಯಿಗಳ ಮೇಲೆ ಕೂತರೆ ಒಳಗಿನ ಎಣ್ಣೆ ಹೊರಬರಲಾರದೆ ಗಟ್ಟಿಯಾಗುತ್ತದೆ. ರೆಪ್ಪೆಯಂಚಿನಲ್ಲಿ ಮತ್ತೆ ಮತ್ತೆ ಏಳುವ ಕುರು, ಬೆಳಗಿನ ಉರಿ, ಸಂಜೆಗೆ ಮರಳು ಬಿದ್ದಂತೆ ಅನ್ನಿಸುವುದು ಇವೆಲ್ಲ ಹೀಗೆ ಶುರುವಾಗಬಹುದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಅಲಿಸನ್ ಎನ್‌ಜಿ ಎಂಬ ಸಂಶೋಧಕಿ 2015ರಲ್ಲಿ ಐಲೈನರ್ ಪೆನ್ಸಿಲನ್ನು ಒಮ್ಮೆ ಈ ಒಳ ಅಂಚಿಗೆ, ಒಮ್ಮೆ ಕೂದಲ ಸಾಲಿನ ಹೊರಗೆ ಹಚ್ಚಿಸಿ, ಕಣ್ಣೀರಿನಲ್ಲಿ ತೇಲುವ ಕಣಗಳನ್ನು ವಿಡಿಯೊ ಹಿಡಿದು ಎಣಿಸಿದರು. ಒಳಗೆ ಹಚ್ಚಿದಾಗ ಐದೇ ನಿಮಿಷದಲ್ಲಿ ಶೇಕಡ 15ರಿಂದ 30ರಷ್ಟು ಹೆಚ್ಚು ಕಣಗಳು ಕಣ್ಣೊಳಗೆ ಬಂದಿದ್ದವು. ಅದು ಮೇಣದ ಪೆನ್ಸಿಲು. ಮೈಶಾಖಕ್ಕೇ ಕರಗುವ ತುಪ್ಪ ಅದಕ್ಕಿಂತ ನಿಧಾನವಾಗಿ ಇಳಿಯುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಈಗ ಕೂಸಿನ ವಿಷಯ. ಈ ಅಂಕಣ ಬರೆಯಲು ಕೂತಿದ್ದೇ ಅದಕ್ಕೆ.

ನನ್ನ ತಂಗಿಯ ಮಗಳು ಕಳೆದ ವರ್ಷ ಬಾಣಂತನಕ್ಕೆ ತವರಿಗೆ ಬಂದಳು. ಮಗುವಿಗೆ ಮೂರು ವಾರವಾಗುವಷ್ಟರಲ್ಲಿ ಎಡಗಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯತೊಡಗಿತು. ಬೆಳಿಗ್ಗೆ ರೆಪ್ಪೆ ಬಿಡಿಸಲಾರದಷ್ಟು ಗೀಜು. ಕಣ್ಣು ಕೆಂಪಾಗಿರಲಿಲ್ಲ. ತಂಗಿ ದಿನಕ್ಕೆರಡು ಹೊತ್ತು ಕಾಡಿಗೆ ಹಚ್ಚುತ್ತಿದ್ದಳು. ನಾನು ತಕರಾರು ತೆಗೆದರೆ, "ಅಕ್ಕಾ, ಕಪ್ಪು ಹಚ್ಚಿದ್ದಕ್ಕೇ ನೀರು ಬರ್ತಿರೋದು, ಒಳಗಿನ ಕೊಳೆ ಎಲ್ಲ ಹೊರಗೆ ಹೋಗ್ತಿದೆ ಬಿಡು" ಅಂದಳು. ನನ್ನ ಮಾತು ನಡೆಯಲಿಲ್ಲ. ಎರಡನೇ ತಿಂಗಳ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರು ನೋಡಿ ಕಣ್ಣಿನವರ ಬಳಿ ಕಳಿಸಿದರು. ಆಕೆ ಮೂಗಿನ ಪಕ್ಕ, ಕಣ್ಣಿನ ಮೂಲೆಯಲ್ಲಿ ಮೆಲ್ಲಗೆ ಒತ್ತಿದರು. ಒಳಮೂಲೆಯ ಚುಕ್ಕೆಯಂಥ ರಂಧ್ರದಿಂದ ಬಿಳಿ ಗೀಜು ಉಕ್ಕಿ ಬಂತು, ಅದರಲ್ಲಿ ಕಪ್ಪು ಎಳೆ. ತಂಗಿಗೆ ತೋರಿಸಿ ಹೇಳಿದ್ದು ಇಷ್ಟು: "ಅಮ್ಮ, ಕೊಳೆ ಹೊರಗೆ ಹೋಗ್ತಿಲ್ಲ. ನೀವು ಹಚ್ಚಿದ್ದೇ ಒಳಗೆ ಹೋಗಿ ಕೂತಿದೆ."

ಕಣ್ಣೀರು ದಿನವೂ ಹುಟ್ಟುತ್ತದೆ, ದಿನವೂ ಹರಿದುಹೋಗಬೇಕು. ರೆಪ್ಪೆಯ ಒಳಮೂಲೆಯಲ್ಲಿ ಎರಡು ಸೂಜಿಮೊನೆಯ ರಂಧ್ರಗಳಿವೆ, ಅಲ್ಲಿಂದ ಒಂದು ಕೊಳವೆ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಅದಕ್ಕೇ. ನೂರರಲ್ಲಿ ಐದಾರು ಕೂಸುಗಳಿಗೆ ಹುಟ್ಟುವಾಗ ಆ ಕೊಳವೆಯ ಕೆಳಬಾಯಿಯಲ್ಲಿ ತೆಳ್ಳನೆಯ ಪೊರೆ ಇನ್ನೂ ಹರಿದಿರುವುದಿಲ್ಲ. ನೀರು ಹೋಗಲು ದಾರಿಯಿಲ್ಲದೆ ಕಣ್ಣಿಂದಲೇ ಸೋರುತ್ತದೆ, ನಿಂತ ನೀರು ಗೀಜಾಗುತ್ತದೆ. ಕಟ್ಟಿದ ಚರಂಡಿಗೆ ಮೇಲಿನಿಂದ ಜಿಡ್ಡು ಸುರಿದರೆ ಏನಾಗುತ್ತದೋ ಅಲ್ಲೂ ಅದೇ. ಜೊತೆಗೆ, ನಾವು ನಿಮಿಷಕ್ಕೆ ಹತ್ತು ಹದಿನೈದು ಸಲ ರೆಪ್ಪೆ ಮಿಟುಕಿಸಿದರೆ ಹಸುಗೂಸು ಮಿಟುಕಿಸುವುದು ಎರಡು ಮೂರು ಸಲ. ಕಣ್ಣಿಗೆ ಬಿದ್ದದ್ದನ್ನು ತೊಳೆದು ತಳ್ಳುವ ಕೆಲಸ ಅದರಲ್ಲಿ ಇನ್ನೂ ನಿಧಾನ. ಉರಿಯುತ್ತಿದೆ ಎಂದು ಹೇಳಲು ಅದಕ್ಕೆ ಬರುವುದೂ ಇಲ್ಲ.

ಡಾಕ್ಟರು ಕಾಡಿಗೆ ನಿಲ್ಲಿಸಿದರು, ಹನಿಯನ್ನೂ ಬರೆದುಕೊಡಲಿಲ್ಲ. ಕೈ ತೊಳೆದು, ಉಗುರು ಕತ್ತರಿಸಿಕೊಂಡು, ಕಿರುಬೆರಳಿನ ಮೆತ್ತನೆಯ ಭಾಗವನ್ನು ಕಣ್ಣಿನ ಒಳಮೂಲೆಯ ಎಲುಬಿಗೆ ಒತ್ತಿ, ಒತ್ತಿದಂತೆಯೇ ಮೂಗಿನ ಪಕ್ಕದಲ್ಲಿ ಕೆಳಗೆ ಜಾರಿಸುವುದನ್ನು ತೋರಿಸಿಕೊಟ್ಟರು. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ನಾಲ್ಕು ಸಲ. ಮೇಲೆ ಮೇಲೆ ಸವರಿದರೆ ಸಾಲದು, ಒಳಗಿನ ನೀರಿನ ಒತ್ತಡಕ್ಕೆ ಕೆಳಗಿನ ಪೊರೆ ಹರಿಯಬೇಕು. ಗೀಜನ್ನು ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು, ಒಂದು ಕಣ್ಣಿನ ಹತ್ತಿ ಇನ್ನೊಂದಕ್ಕೆ ಬೇಡ. ಏಳನೇ ತಿಂಗಳಲ್ಲಿ ನೀರು ನಿಂತಿತು. ನಿಲ್ಲದಿದ್ದರೆ ವರ್ಷ ತುಂಬುವ ಹೊತ್ತಿಗೆ ಸಣ್ಣ ಸಲಾಕೆ ಹಾಕಿ ದಾರಿ ಬಿಡಿಸುತ್ತೇವೆ ಅಂದಿದ್ದರು, ಅದು ಬೇಕಾಗಲಿಲ್ಲ.

ತಂಗಿ ಆಮೇಲೆ ಒಂದು ಮಾತು ಹೇಳಿದಳು, ಅದು ನನ್ನ ತಲೆಯಲ್ಲಿ ಕೂತಿದೆ. ಅವಳ ಮಗನಿಗೂ ಕೂಸಿದ್ದಾಗ ಹೀಗೇ ನೀರು ಸೋರುತ್ತಿತ್ತಂತೆ. ವರ್ಷವಿಡೀ ಕಾಡಿಗೆ ಹಚ್ಚಿದರಂತೆ, ಎಂಟನೇ ತಿಂಗಳಿಗೆ ನಿಂತಿತಂತೆ. "ಕಪ್ಪಿನಿಂದಲೇ ವಾಸಿಯಾಯ್ತು ಅಂದ್ಕೊಂಡಿದ್ದೆ." ಅಂದುಕೊಳ್ಳದೆ ಇರುವುದು ಹೇಗೆ? ಇಂಥ ಹತ್ತು ಕೂಸುಗಳಲ್ಲಿ ಒಂಬತ್ತಕ್ಕೆ ವರ್ಷದೊಳಗೆ ದಾರಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಆ ಹೊತ್ತಿಗೆ ಏನು ಹಚ್ಚುತ್ತಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಕಪ್ಪು ಹಚ್ಚಿದರೆ ಕಣ್ಣು ದೊಡ್ಡದಾಗುತ್ತದೆ ಎಂಬ ನಂಬಿಕೆಯೂ ಹೀಗೆಯೇ. ಹುಟ್ಟಿದಾಗ ಹದಿನೇಳು ಮಿಲಿಮೀಟರಿನಷ್ಟು ಉದ್ದವಿರುವ ಕಣ್ಣುಗುಡ್ಡೆ ಬೆಳೆದ ಮೇಲೆ ಇಪ್ಪತ್ನಾಲ್ಕಾಗುತ್ತದೆ, ಆ ಬೆಳವಣಿಗೆಯ ಬಹುಪಾಲು ಮೊದಲೆರಡು ವರ್ಷಗಳಲ್ಲೇ. ಕಪ್ಪು ಹಚ್ಚದ ಮಗುವಿಗೂ ಅಷ್ಟೇ.

ಆಯುರ್ವೇದದಲ್ಲೇ ಹೇಳಿದೆಯಲ್ಲ ಎಂದು ಕೇಳುವವರಿದ್ದಾರೆ. ದಿನವೂ ಹಚ್ಚಿಕೊಳ್ಳಿ ಎಂದು ಚರಕ, ವಾಗ್ಭಟರು ಹೇಳಿದ್ದು ಸೌವೀರಾಂಜನವನ್ನು. ಅದು ಖನಿಜ, ದೀಪದ ಮಸಿಯಲ್ಲ. ಅಂಜನವನ್ನು ಯಾವಾಗ ಹಚ್ಚಬಾರದು ಎಂಬುದಕ್ಕೂ ಆ ಗ್ರಂಥಗಳಲ್ಲಿ ಪಟ್ಟಿಯಿದೆ: ಜ್ವರ ಬಂದಾಗ, ರಾತ್ರಿ ನಿದ್ದೆಗೆಟ್ಟಾಗ, ತಲೆಗೆ ನೀರು ಹಾಕಿಕೊಂಡ ಕೂಡಲೇ. ತಲೆಗೆ ನೀರೆರೆದು, ಸಾಂಬ್ರಾಣಿ ಹೊಗೆ ಹಿಡಿದು, ಅಳುವ ಕೂಸಿನ ಕಣ್ಣಿಗೆ ಬೆರಳು ಹಾಕುವ ನಮ್ಮ ಬಾಣಂತನದ ಪದ್ಧತಿ ಯಾವ ಶಾಸ್ತ್ರದ್ದೋ ತಿಳಿಯದು.

ಹಾಗಾದರೆ ಡಬ್ಬಿ ಎಸೆಯಬೇಕೆ? ದೊಡ್ಡವರು ಇಷ್ಟಪಟ್ಟು ಹಚ್ಚಿಕೊಳ್ಳುವುದಾದರೆ ನಾನು ಅಡ್ಡ ಬರುವುದಿಲ್ಲ, ನಾನೂ ಹಬ್ಬಕ್ಕೆ ಹಚ್ಚಿಕೊಳ್ಳುವವಳೇ. ಮಸಿಯನ್ನು ಒಣಗಿದಂತೆಯೇ ಒಂದು ಶೀಶೆಯಲ್ಲಿ ಇಟ್ಟುಕೊಳ್ಳುತ್ತೇನೆ. ಕಡ್ಡಿ ತುದಿಯಷ್ಟನ್ನು ಹರಳೆಣ್ಣೆಯಲ್ಲಿ ಕಲಸಿ, ಎರಡು ಮೂರು ವಾರಕ್ಕೆ ಆಗುವಷ್ಟನ್ನು ಮಾತ್ರ ಕುದಿನೀರಲ್ಲಿ ತೊಳೆದು ಒಣಗಿಸಿದ ಡಬ್ಬಿಗೆ ಹಾಕುತ್ತೇನೆ. ತುಪ್ಪ ಬಿಟ್ಟಿದ್ದೇನೆ, ಕರಗಿ ಕಣ್ಣೊಳಗೆ ಇಳಿಯುತ್ತದೆ, ಕಮಟು ವಾಸನೆಯೂ ಬರುತ್ತದೆ. ಒಣಗಿದ ಕಡ್ಡಿಯಿಂದ ಕೂದಲ ಸಾಲಿನ ಹೊರಗೆ ಎಳೆಯುತ್ತೇನೆ, ಮಲಗುವ ಮುಂಚೆ ಒರೆಸುತ್ತೇನೆ. ಕಣ್ಣು ಕೆಂಪಾದರೆ ಆ ಡಬ್ಬಿಯದು ಕಸಕ್ಕೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಇಷ್ಟೂ ಬೇಡ.

ಕೂಸಿನ ಕಣ್ಣಿಗೆ ಮಾತ್ರ ಯಾವುದೂ ಬೇಡ, ಮನೆಯದೂ ಬೇಡ, ಅಂಗಡಿಯದೂ ಬೇಡ. ದೃಷ್ಟಿಗೆ ಅಂಗಾಲಲ್ಲಿ ಬೊಟ್ಟಿಡಿ. ಕೆನ್ನೆಯ ಬೊಟ್ಟನ್ನು ಮಗು ಉಜ್ಜಿ ಕಣ್ಣಿಗೆ ತಂದುಕೊಳ್ಳುತ್ತದೆ. ಹಳೆಯ ಮೈಸೂರಿನ ಮನೆಗಳಲ್ಲಿ ಸಬ್ಬಕ್ಕಿ ಕರಿದಾಗುವಂತೆ ಹುರಿದು, ನೀರು ಹಾಕಿ ಕುದಿಸಿ, ಒಣಗಿಸಿ ಇಡುತ್ತಿದ್ದ ಸಾದು ಇದ್ದದ್ದು ಬೊಟ್ಟಿಗೆ. ಅದನ್ನು ಯಾರೂ ಕಣ್ಣಿಗೆ ತೀಡುತ್ತಿರಲಿಲ್ಲ.

ಒಂದು ಎಚ್ಚರಿಕೆ. ನೀರು ಸೋರುವುದಕ್ಕೆ ಕಾಯಬಹುದು, ಎಲ್ಲದಕ್ಕೂ ಅಲ್ಲ. ಹುಟ್ಟಿದ ಮೊದಲ ತಿಂಗಳೊಳಗೆ ಕೂಸಿನ ರೆಪ್ಪೆ ಊದಿ, ಕಣ್ಣು ಕೆಂಪಾಗಿ, ಹಳದಿ ಕೀವು ಒರೆಸಿದಷ್ಟೂ ಬರುತ್ತಿದ್ದರೆ, ಅದು ಹೆರಿಗೆಯ ವೇಳೆ ತಗುಲಿದ ಸೋಂಕಿರಬಹುದು, ಕೆಲವೇ ದಿನಗಳಲ್ಲಿ ಕಾರ್ನಿಯಾವನ್ನು ತೂತು ಮಾಡಬಲ್ಲದು. ಮಗುವಿನ ಕಣ್ಣು ಬೆಳಕಿಗೆ ಮುಚ್ಚಿಕೊಂಡೇ ಇದ್ದರೆ, ಕಣ್ಣಿನ ಮೂಲೆಯಲ್ಲಿ ಕೆಂಪಗೆ ಬಾವು ಎದ್ದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಮಚ್ಚೆ ಕಂಡರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಕಾಡಿಗೆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ, ನಾಚಿಕೊಂಡು ಮುಚ್ಚಿಡಬೇಡಿ. ಡಾಕ್ಟರು ಬೈದರೂ ಬೈಯಲಿ.